ಏಳು ಸಾವಿರ ಎಲ್ಲಿ ಹೋಯಿತು?
ಹಲಸೂರಿನಿಂದ ಕೆ.ಆರ್. ಪುರಕ್ಕೆ ಹೋಗುವ ಹಳೆ ಮದ್ರಾಸ್ ರಸ್ತೆಯಲ್ಲಿ ಕಾರಿಗೆ ಏಟು ಬಿತ್ತು, ಗ್ಯಾರೇಜಿನವರು 46,000 ರೂಪಾಯಿ ಬಿಲ್ ಕೊಟ್ಟರು, ವಿಮಾ ಕಂಪನಿಯಿಂದ ಖಾತೆಗೆ ಬಂದದ್ದು 39,000 ಅಂದುಕೊಳ್ಳಿ. ಮೋಸ ಎಂದು ಕೂಗುವ ಮೊದಲು ಸೆಟ್ಲ್‌ಮೆಂಟ್ ಪತ್ರ ತೆರೆಯಿರಿ. ಬಂಪರಿನಂಥ ಪ್ಲಾಸ್ಟಿಕ್ ಭಾಗಗಳ ಬೆಲೆಯೇ 12,000 ಇದ್ದರೆ, ಸವಕಳಿ ಹೊರಗಿಡುವ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಅದರ ಅರ್ಧ, 6,000, ಕಡಿತವಾಗುತ್ತದೆ. 1500 ಸಿಸಿ ಒಳಗಿನ ಕಾರಾದರೆ ಮಾಲೀಕರು ಕಡ್ಡಾಯವಾಗಿ ಹೊರಬೇಕಾದದ್ದು ಇನ್ನೊಂದು 1,000. ಲೆಕ್ಕ ಸರಿಹೋಯಿತು. ತಾರೀಖು ಮಾತ್ರ ಹೊಂದದೇ ಇರಬಹುದು. ಪತ್ರದಲ್ಲಿರುವುದು ಮಂಜೂರಾತಿಯ ದಿನ, ಸ್ಟೇಟ್‌ಮೆಂಟಿನಲ್ಲಿರುವುದು ಹಣ ಬಂದ ದಿನ. ಆದ್ದರಿಂದ ಪತ್ರದ ಯುಟಿಆರ್ ಸಂಖ್ಯೆಯನ್ನು ಸ್ಟೇಟ್‌ಮೆಂಟಿನ ವಿವರಣೆಯ ಸಾಲಿನಲ್ಲಿ ಹುಡುಕಿ. ಆಮೇಲೂ ಐನೂರು ಕಡಿಮೆ ಕಂಡರೆ, ಕಂಪನಿಯಿಂದ ಕಡಿತದ ವಿವರಪಟ್ಟಿಯನ್ನು ಲಿಖಿತವಾಗಿಯೇ ಕೇಳಿ.