ಗೃಹಸ್ಥರ ಲೆಕ್ಕಪತ್ರ: ವರ್ಷದ ಚಂದಾ ಬಂದ ದಿನವೇ ಆದಾಯವಾಗದೇಕೆ?

ವರ್ಷಕ್ಕೆ ಒಮ್ಮೆಲೇ ಹಣ ಕೊಡುವ ಪದ್ಧತಿಯು ಈಗ ನಮ್ಮ ಮನೆಗಳಲ್ಲೆಲ್ಲ ಬೇರೂರಿಬಿಟ್ಟಿದೆ. ಪತ್ರಿಕೆಯ ಚಂದಾ ಮೊದಲಿನಿಂದಲೂ ಹಾಗೆಯೇ ಇದ್ದಿತು. ಈಗ ಅಂತರ್ಜಾಲದ ಸಂಪರ್ಕ, ಮಕ್ಕಳ ಮನೆಪಾಠ, ವ್ಯಾಯಾಮಶಾಲೆ, ನೀರು ಸೋಸುವ ಯಂತ್ರದ ದುರಸ್ತಿ ಎಲ್ಲವೂ ಅದೇ ದಾರಿಯನ್ನು ಹಿಡಿದಿವೆ. ಹಣವನ್ನು ಪಡೆದವರು ಅದನ್ನು ತಮ್ಮ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆಂಬುದನ್ನು ಕೊಡುವವರು ವಿಚಾರಿಸುವುದು ವಿರಳ. ಆದರೆ ನಮ್ಮ ವಾಚಕರಲ್ಲಿ ಸಣ್ಣಪುಟ್ಟ ಉದ್ಯಮಗಳನ್ನು ನಡೆಸುವವರೂ ಇದ್ದಾರೆ. ಅಂಥ ಉದ್ಯಮಗಳಲ್ಲಿ ಪಾಲು ಹಾಕಿದವರೂ ಇದ್ದಾರೆ. ಅವರ ಸಲುವಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಸುರತ್ಕಲ್ಲಿನ ಪೇಟೆಯಲ್ಲಿ ಇಬ್ಬರು ಪಾಲುಗಾರರು ಸೇರಿ ಮನೆಮನೆಗೆ ಅಂತರ್ಜಾಲದ ತಂತಿಯನ್ನು ಎಳೆದಿದ್ದಾರೆಂದು ಭಾವಿಸೋಣ. ಡಿಸೆಂಬರ್ 1ರಂದು ನೂರು ಮನೆಗಳವರು ತಲಾ 12,000 ರೂಪಾಯಿ ಕೊಟ್ಟು ಒಂದು ವರ್ಷದ ಸಂಪರ್ಕವನ್ನು ಪಡೆದರು. ಒಟ್ಟು 12 ಲಕ್ಷ ರೂಪಾಯಿ ಬಂದಂತಾಯಿತು. ಆಳುಗಳ ಸಂಬಳ, ಕಂಬದ ಬಾಡಿಗೆ, ಮೇಲಿನ ಕಂಪೆನಿಗೆ ಕೊಡಬೇಕಾದ ಹಣ ಇವೆಲ್ಲ ಸೇರಿ ತಿಂಗಳ ಖರ್ಚು 80,000 ರೂಪಾಯಿ.

ಬಂದ ಹಣವನ್ನೆಲ್ಲ ಆ ದಿನವೇ ಆದಾಯವೆಂದು ಬರೆದರೆ ಏನಾಗುವುದು? ನಮ್ಮ ಲೆಕ್ಕದ ವರ್ಷವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ನಾಲ್ಕು ತಿಂಗಳ ಖರ್ಚು 3,20,000. ಆದುದರಿಂದ 8,80,000 ರೂಪಾಯಿ ಲಾಭವೆಂದು ಪುಸ್ತಕವು ಹೇಳುತ್ತದೆ. ಮುಂದಿನ ವರ್ಷದ ಏಪ್ರಿಲಿನಿಂದ ನವೆಂಬರಿನವರೆಗೆ ಆ ನೂರು ಮನೆಗಳಿಂದ ಒಂದು ಕಾಸೂ ಬಾರದು, ಖರ್ಚು ಮಾತ್ರ ನಿಲ್ಲದು. 6,40,000 ರೂಪಾಯಿ ನಷ್ಟವೆಂದು ಅದೇ ಪುಸ್ತಕವು ಹೇಳುತ್ತದೆ. ಕೆಲಸದಲ್ಲಿ ಯಾವ ಬದಲಾವಣೆಯೂ ಇಲ್ಲ, ಮನೆಗಳೂ ಅವೇ, ತಂತಿಯೂ ಅದೇ. ಆದರೂ ಒಂದು ವರ್ಷ ಸಿರಿವಂತಿಕೆ, ಮರುವರ್ಷ ದಾರಿದ್ರ್ಯ!

ಕೆಡುಕು ಇಷ್ಟಕ್ಕೇ ನಿಲ್ಲುವುದಿಲ್ಲ. ಮಾರ್ಚಿನಲ್ಲಿ ಲಾಭವನ್ನು ಕಂಡ ಪಾಲುಗಾರರು ಆ 8,80,000 ರೂಪಾಯಿಯನ್ನು ಹಂಚಿಕೊಂಡರೆನ್ನೋಣ. ಏಪ್ರಿಲಿನಲ್ಲಿ ಸಂಬಳ ಕೊಡಲು ಗಲ್ಲಾಪೆಟ್ಟಿಗೆಯು ಬರಿದಾಗಿರುತ್ತದೆ. ಅವರು ಹಂಚಿಕೊಂಡುದು ಲಾಭವನ್ನಲ್ಲ, ನೂರು ಮನೆಗಳವರು ಮುಂದಿನ ಎಂಟು ತಿಂಗಳ ಸೇವೆಗೆಂದು ಇಟ್ಟ ಹಣವನ್ನು.

ಸರಿಯಾದ ಕ್ರಮವೆಂದರೆ, ಹಣ ಬಂದ ದಿನ ಬ್ಯಾಂಕಿನ ಖಾತೆಯಲ್ಲಿ 12 ಲಕ್ಷವನ್ನು ಏರಿಸಿ, ಅದರ ಎದುರಿಗೆ ‘ಗಿರಾಕಿಗಳ ಮುಂಗಡ’ವೆಂಬ ಖಾತೆಯಲ್ಲಿ ಅಷ್ಟನ್ನೇ ಬರೆಯುವುದು. ಈ ಮುಂಗಡವು ಆದಾಯವಲ್ಲ, ಋಣ. ಆದರೆ ಹಣದಿಂದ ತೀರಿಸುವ ಋಣವಲ್ಲ, ಸೇವೆಯಿಂದ ತೀರಿಸುವ ಋಣ. ತಿಂಗಳೊಂದು ಕಳೆದಂತೆ ಋಣದ ಹನ್ನೆರಡರಲ್ಲೊಂದು ಪಾಲು ತೀರುತ್ತದೆ. ತಿಂಗಳ ಕೊನೆಯ ದಿನ ಮುಂಗಡದಿಂದ ಒಂದು ಲಕ್ಷವನ್ನು ಇಳಿಸಿ ಆದಾಯದ ಖಾತೆಗೆ ಜಮಾ ಮಾಡಬೇಕು. ಆಗ ಮಾರ್ಚ್ 31ಕ್ಕೆ ಆದಾಯ 4 ಲಕ್ಷ, ಲಾಭ 80,000. ಉಳಿದ 8 ಲಕ್ಷ ಇನ್ನೂ ಮುಂಗಡದಲ್ಲಿ. ಮುಂದಿನ ಎಂಟು ತಿಂಗಳಲ್ಲಿ ಲಾಭ 1,60,000. ಎರಡನ್ನೂ ಕೂಡಿಸಿದರೆ 2,40,000 ಆಗುವುದು. ಮೊದಲನೆಯ ರೀತಿಯಲ್ಲಿಯೂ 8,80,000ದಿಂದ 6,40,000 ಕಳೆದರೆ ಇದೇ ಮೊತ್ತ ಉಳಿಯುತ್ತದೆ. ಒಟ್ಟು ಲಾಭವು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅದು ಯಾವ ಕಾಲದ್ದೆಂಬುದು ಮಾತ್ರ ಬದಲಾಗುತ್ತದೆ.

“ಒಮ್ಮೆ ಕೊಟ್ಟ ಹಣವನ್ನು ಹಿಂದಿರುಗಿಸುವುದಿಲ್ಲವೆಂದು ರಶೀದಿಯಲ್ಲಿಯೇ ಅಚ್ಚು ಹಾಕಿಸಿದ್ದೇವೆ, ಮತ್ತೇಕೆ ಋಣ?” ಎಂದು ಕೆಲವರು ಕೇಳುವುದುಂಟು. ಹಣವನ್ನು ಮರಳಿಸಬೇಕಾಗಿಲ್ಲ ನಿಜ, ಸಂಪರ್ಕವನ್ನಂತೂ ಕೊಡಲೇಬೇಕಷ್ಟೆ. ಆ ಅಚ್ಚಿನ ಸಾಲಿನಿಂದ ಕೆಲಸವು ಮುಗಿದಂತಾಗುವುದಿಲ್ಲ.

ಇದು ಹೊಸ ನಿಯಮವೂ ಅಲ್ಲ. ಭಾರತದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 1985ರಲ್ಲಿ ಹೊರಡಿಸಿದ ಒಂಬತ್ತನೆಯ ಲೆಕ್ಕಮಾನಕದಲ್ಲಿಯೇ ಪತ್ರಿಕೆಗಳ ಚಂದಾವನ್ನು ಕಾಲಕ್ಕೆ ತಕ್ಕಂತೆ ಹಂಚಬೇಕೆಂದೂ, ಪಾಠದ ಶುಲ್ಕವನ್ನು ಪಾಠ ನಡೆಯುವ ಅವಧಿಯುದ್ದಕ್ಕೂ ಆದಾಯವಾಗಿ ಬರೆಯಬೇಕೆಂದೂ ಉದಾಹರಣೆಗಳಿವೆ. ದೊಡ್ಡ ಕಂಪೆನಿಗಳಿಗೆ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ 115ನೆಯ ಮಾನಕವು ಇದನ್ನೇ ಇನ್ನೂ ವಿಸ್ತಾರವಾಗಿ ಹೇಳುತ್ತದೆ.

ಈ ನಿಯಮವನ್ನು ಅನ್ವಯಿಸುವ ರೀತಿಯಿಂದ ಎಷ್ಟು ದೊಡ್ಡ ವ್ಯತ್ಯಾಸವಾಗಬಹುದೆಂಬುದನ್ನು ನಮ್ಮ ರಾಜ್ಯದಲ್ಲಿಯೇ ಕಂಡಿದ್ದೇವೆ. ಬೈಜೂಸ್ ಎಂಬ ಹೆಸರಿನಿಂದ ಮಕ್ಕಳ ಪಾಠಗಳನ್ನು ಮಾರುತ್ತಿದ್ದ ಬೆಂಗಳೂರಿನ ಥಿಂಕ್ ಅಂಡ್ ಲರ್ನ್ ಕಂಪೆನಿಯು 2021ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು ಪ್ರಕಟಿಸಿದುದು 2022ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ನಷ್ಟವು 4,500 ಕೋಟಿ ರೂಪಾಯಿಯನ್ನು ಮೀರಿತ್ತು. ಹಿಂದಿನ ವರ್ಷ ಅದು 250 ಕೋಟಿಯನ್ನೂ ಮುಟ್ಟಿರಲಿಲ್ಲ. ಆದಾಯವನ್ನು ಬರೆಯುವ ರೀತಿಯು ಬದಲಾದುದರಿಂದ ಆ ವರ್ಷದ ಆದಾಯದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಮುಂದಿನ ವರ್ಷಗಳಿಗೆ ಸರಿಯಿತೆಂದು ಕಂಪೆನಿಯವರೇ ಹೇಳಿದರು. ನಷ್ಟಕ್ಕೆ ಇದೊಂದೇ ಕಾರಣವೆನ್ನುವುದು ನ್ಯಾಯವಲ್ಲ, ಖರ್ಚೂ ಹೇರಳವಾಗಿತ್ತು. ಆದರೆ ಪಾಠವನ್ನು ಮಾರಿದ ದಿನಕ್ಕೂ ಪಾಠವನ್ನು ಹೇಳಿ ಮುಗಿಸಿದ ದಿನಕ್ಕೂ ಇರುವ ಅಂತರವು ಎಷ್ಟೆಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು.

ಸುರತ್ಕಲ್ಲಿನ ನಮ್ಮ ಪಾಲುಗಾರರಿಗೆ ಮರಳೋಣ. ಅವರು ಎಡವುವ ಸ್ಥಳವು ಸಾಮಾನ್ಯವಾಗಿ ತೆರಿಗೆ. ಸರಕು ಮತ್ತು ಸೇವಾ ತೆರಿಗೆಯು ಈ ಹನ್ನೆರಡು ಪಾಲುಗಳನ್ನು ಲೆಕ್ಕಿಸುವುದಿಲ್ಲ. ಸೇವೆಗೆ ಮುಂಗಡ ಬಂದರೆ ಬಂದಾಗಲೇ ತೆರಿಗೆಯ ಹೊಣೆಯು ಹುಟ್ಟುತ್ತದೆ. ನೂರಕ್ಕೆ 18ರಂತೆ ಪ್ರತಿ ಮನೆಯಿಂದ 12,000ದ ಮೇಲೆ 2,160 ರೂಪಾಯಿಯನ್ನು ಬೇರೆಯಾಗಿ ಪಡೆದು, ನೂರು ಮನೆಗಳ 2,16,000ವನ್ನೂ ಡಿಸೆಂಬರಿನ ಲೆಕ್ಕದಲ್ಲಿಯೇ ತೋರಿಸಬೇಕು. ತೆರಿಗೆಯ ಪಟ್ಟಿಯಲ್ಲಿ 12 ಲಕ್ಷ, ಆದಾಯದ ಖಾತೆಯಲ್ಲಿ ಒಂದು ಲಕ್ಷ ಎಂಬ ವ್ಯತ್ಯಾಸವನ್ನು ಕಂಡು ಗಾಬರಿಗೊಂಡ ಗುಮಾಸ್ತರು ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಿ ಎರಡನ್ನೂ ಕೆಡಿಸುತ್ತಾರೆ. ಎರಡೂ ಸರಿ, ಹಾಗೆಯೇ ಬಿಡತಕ್ಕದ್ದು.

ಲೆಕ್ಕವು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಮಾರ್ಚ್ 31ರಂದು ಗಿರಾಕಿಗಳ ಪಟ್ಟಿಯನ್ನು ಹಿಡಿದು, ಒಬ್ಬೊಬ್ಬರಿಗೂ ಇನ್ನೆಷ್ಟು ತಿಂಗಳ ಸೇವೆ ಬಾಕಿಯಿದೆಯೆಂದು ಬರೆದು, ಅದನ್ನು ತಿಂಗಳ ದರದಿಂದ ಗುಣಿಸಿ ಕೂಡಿಸಬೇಕು. ಆ ಮೊತ್ತವೂ ಮುಂಗಡದ ಖಾತೆಯ ಶಿಲ್ಕೂ ಒಂದೇ ಆಗಿರಬೇಕು. ಫೆಬ್ರವರಿಯ ಕೊನೆಗೆ ಊರು ಬಿಟ್ಟ ಒಂದು ಮನೆಯವರಿಗೆ ಉಳಿದ ಒಂಬತ್ತು ತಿಂಗಳ 9,000 ರೂಪಾಯಿಯನ್ನು ಮರಳಿಸಿ, ಅದನ್ನು ಮುಂಗಡದಿಂದ ಇಳಿಸುವ ಬದಲು ಖರ್ಚೆಂದು ಬರೆದಿದ್ದರೆ ಈ ಪರೀಕ್ಷೆಯಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ: ಪಟ್ಟಿಯಲ್ಲಿ 99 ಮನೆಗಳು, ಖಾತೆಯಲ್ಲಿ ನೂರು ಮನೆಗಳ ಹಣ.

ಕೊನೆಯದಾಗಿ, ಹನ್ನೆರಡರಿಂದ ಭಾಗಿಸುವುದೇ ಎಲ್ಲೆಡೆಯೂ ಸರಿಯೆಂದು ತಿಳಿಯಬಾರದು. ಸುರತ್ಕಲ್ಲಿನವರಿಗೆ ಟೋಲಿನ ಮಾತು ಹೊಸತಲ್ಲ. ಅಲ್ಲಿಯ ಟೋಲುಗೇಟಿನ ಸಂಗ್ರಹವು 2022ರ ಡಿಸೆಂಬರಿನಲ್ಲಿ ನಿಂತಿತು. ರಾಷ್ಟ್ರೀಯ ಹೆದ್ದಾರಿಗಳ ವಾರ್ಷಿಕ ಪಾಸು 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಅದರ ಬೆಲೆ 3,000 ರೂಪಾಯಿ, ಅವಧಿಯು ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅದು. ಇಂಥ ಪಾಸನ್ನು ಮಾರುವವರು ತಿಂಗಳಿಗೆ 250ರಂತೆ ಬರೆದರೆ, ಮೂರೇ ತಿಂಗಳಲ್ಲಿ 200 ಸಲ ದಾಟಿ ಮುಗಿಸಿದ ವಾಹನದ ಹಣವೂ ಮುಂಗಡದಲ್ಲಿಯೇ ಕುಳಿತಿರುತ್ತದೆ. ಅಲ್ಲಿ ದಾಟಿದ ಲೆಕ್ಕಕ್ಕೆ 15 ರೂಪಾಯಿಯಂತೆ ಇಳಿಸುತ್ತ ಹೋಗಿ, ವರ್ಷವು ಮುಗಿದ ದಿನ ಉಳಿದುದನ್ನು ಆದಾಯಕ್ಕೆ ಸೇರಿಸುವುದೇ ವಾಸ್ತವಕ್ಕೆ ಹೆಚ್ಚು ಸಮೀಪವೆಂದು ನಮಗೆ ತೋರುತ್ತದೆ.