ತಂಗಿ ಫೀಸು, ನಾಲ್ಕು ಬಾಂಡು: ಡ್ಯುರೇಶನ್ ಒಂದೇ ಯಾಕೆ ಸಾಲಲ್ಲ?

ಹೋದ ಆಗಸ್ಟ್‌ನಲ್ಲಿ ಅಪ್ಪ ಕೋಲ್ಡ್ ಸ್ಟೋರೇಜ್‌ನಿಂದ ಒಣದ್ರಾಕ್ಷಿ ತೆಗೆದು ಮಾರಿದ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಮನೆಗಳ ಹುಡುಗರಿಗೆ ಇದು ಗೊತ್ತು: ನಮ್ಮಲ್ಲಿ ದುಡ್ಡು ತಿಂಗಳಿಗೆ ಬರಲ್ಲ, ಒಮ್ಮೆಗೇ ಗಂಟಾಗಿ ಬರ್ತದೆ. ಆದ್ರೆ ಖರ್ಚು ಗಂಟಾಗಿ ಬರಲ್ಲ. ತಂಗಿ ಈಗ ಪಿಯುಸಿ ಎರಡನೇ ವರ್ಷ. ಮುಂದಿನ ಆಗಸ್ಟ್‌ನಿಂದ ಸತತ ನಾಲ್ಕು ಆಗಸ್ಟ್ ಫೀಸು ಕಟ್ಟಬೇಕು. ಲೆಕ್ಕ ಸುಲಭ ಆಗಲಿ ಅಂತ ವರ್ಷಕ್ಕೆ 1 ಲಕ್ಷ ಅಂತಿಟ್ಕೊಳ್ಳೋಣ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಈಗ ಎಷ್ಟು ತೆಗೆದಿಟ್ರ ನಾಕೂ ವರ್ಷ ಚಿಂತಿ ಇಲ್ಲ?"

ಪುಣೆಯಲ್ಲಿ ಫೈನಾನ್ಸ್ ಕೆಲಸದಲ್ಲಿರೋ ಕಾಕಾನ ಮಗ ಫೋನಿನಲ್ಲಿ ಹೇಳಿದ, "ಡ್ಯುರೇಶನ್ ಮ್ಯಾಚ್ ಮಾಡಿದ್ರ ಸಾಕು. ಒಂದು ಸಣ್ಣ ಅವಧಿದು, ಒಂದು ದೊಡ್ಡ ಅವಧಿದು, ಎರಡು ಬಾಂಡ್ ತಗೋರಿ." ನಾನು ಒಂದು ವಾರ ಕೂತು ಲೆಕ್ಕ ಹಾಕಿದೆ. ಅಣ್ಣ ಹೇಳಿದ್ದು ತಪ್ಪಲ್ಲ. ಆದ್ರೆ ನಮ್ಮ ಮನೆಗೆ ಅದು ಸರಿಯಾದ ದಾರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಅಣ್ಣನ ದಾರಿ ನೋಡೋಣ. ಬಡ್ಡಿದರ ಎಲ್ಲ ಅವಧಿಗೂ 7% ಅಂತಿಟ್ಕೊಂಡ್ರೆ, ನಾಲ್ಕು ಫೀಸಿನ ಇವತ್ತಿನ ಬೆಲೆ ಒಟ್ಟು ಸುಮಾರು 3,38,720 ರೂಪಾಯಿ. ಪ್ರತಿ ಫೀಸಿನ ಇವತ್ತಿನ ಬೆಲೆಯನ್ನು ತೂಕ ಅಂತ, ಅದು ಬರೋ ವರ್ಷವನ್ನು ದೂರ ಅಂತ ತಗೊಂಡು ಗುರುತ್ವ ಕೇಂದ್ರ ಕಂಡುಹಿಡಿದ್ರೆ 2.42 ವರ್ಷ ಬರ್ತದೆ. ಅದೇ ಡ್ಯುರೇಶನ್. 1938ರಲ್ಲಿ ಮೆಕಾಲೆ ಕೊಟ್ಟ ಅಳತೆ ಇದು. ನಾವು ಫಸ್ಟ್ ಸೆಮ್ ಮೆಕ್ಯಾನಿಕ್ಸ್‌ನಲ್ಲಿ ಮಾಡಿದ ಮೊಮೆಂಟ್ ಲೆಕ್ಕಕ್ಕಿಂತ ಬೇರೆ ಏನೂ ಅಲ್ಲ.

1952ರಲ್ಲಿ ಬ್ರಿಟನ್ನಿನ ವಿಮಾ ಗಣಿತಜ್ಞ ಫ್ರಾಂಕ್ ರೆಡಿಂಗ್ಟನ್ ಇದರ ಮೇಲೆ ಒಂದು ಉಪಾಯ ಕಟ್ಟಿದ. ಹೂಡಿಕೆಯ ಇವತ್ತಿನ ಬೆಲೆ ಮತ್ತು ಗುರುತ್ವ ಕೇಂದ್ರ ಎರಡೂ ಹೊಣೆಯಷ್ಟೇ ಇರಲಿ, ಹರವು ಮಾತ್ರ ಹೊಣೆಗಿಂತ ಜಾಸ್ತಿ ಇರಲಿ. ಆಗ ಬಡ್ಡಿದರ ಸ್ವಲ್ಪ ಏರಿದ್ರೂ ಇಳಿದ್ರೂ ಕೊರತೆ ಬೀಳಲ್ಲ. ಇದಕ್ಕೇ ಇಮ್ಯುನೈಸೇಶನ್ ಅಂತ ಹೆಸರು.

ನಮ್ಮ ಫೀಸಿಗೆ ಇದನ್ನ ಹಚ್ಚಿದ್ರೆ 1 ವರ್ಷದ ಝೀರೋ ಕೂಪನ್ ಬಾಂಡಿನಲ್ಲಿ ಸುಮಾರು 1.79 ಲಕ್ಷ, 4 ವರ್ಷದ್ದರಲ್ಲಿ ಸುಮಾರು 1.60 ಲಕ್ಷ ಇಡಬೇಕು. ಮರುದಿನವೇ ಎಲ್ಲ ದರವೂ 9% ಆಯ್ತು ಅನ್ನಿ. ಫೀಸಿನ ಬೆಲೆ ಸುಮಾರು 3,23,970ಕ್ಕೆ ಇಳೀತದೆ, ನಮ್ಮ ಬಾಂಡುಗಳ ಬೆಲೆ ಅದಕ್ಕಿಂತ ಐವತ್ತು ರೂಪಾಯಿಯಷ್ಟು ಜಾಸ್ತಿನೇ ಉಳೀತದೆ. ರೆಡಿಂಗ್ಟನ್ ಮಾತು ನಿಜ ಆಯ್ತು.

ಆದ್ರೆ ಇಲ್ಲಿ ಒಂದು ಷರತ್ತು ಅಡಗಿದೆ: ಎಲ್ಲ ಅವಧಿಯ ದರಗಳೂ ಒಂದೇ ಅಳತೆಯಲ್ಲಿ ಸರೀಬೇಕು. ಮಾರುಕಟ್ಟೆ ಹಂಗೆ ನಡೆಯಬೇಕಂತ ಏನಿಲ್ಲ. 1 ವರ್ಷದ ದರ 7%ರಲ್ಲೇ ನಿಂತು, 4 ವರ್ಷದ್ದು 9%ಕ್ಕೆ ಏರಿ, ನಡುವಿನವು ಸಮನಾಗಿ ಇಳಿಜಾರಾದ್ರೆ ಏನಾಗ್ತದೆ? ಫೀಸಿನ ಬೆಲೆ ಸುಮಾರು 3,29,220, ನಮ್ಮ ಬಾಂಡುಗಳದ್ದು ಸುಮಾರು 3,27,310. ಅಂದ್ರೆ 1,900 ರೂಪಾಯಿ ಕೊರತೆ. ದರ ಉಲ್ಟಾ ತಿರುಗಿದ್ರೆ ಲಾಭನೂ ಆಗಬಹುದು, ಆದ್ರೆ ಫೀಸಿನ ದುಡ್ಡಲ್ಲಿ ನಾವು ಜೂಜಾಡೋಕೆ ಹೊರಟಿರಲಿಲ್ಲ. ಬೀಮ್ ನೆನಪಿಸ್ಕೊಳ್ಳಿ. ಹಂಚಿದ ಭಾರವನ್ನೂ ಅದರ ರಿಸಲ್ಟೆಂಟನ್ನೂ ಸಪೋರ್ಟ್ ರಿಯಾಕ್ಷನ್‌ಗೆ ಒಂದೇ ಅಂತ ತಗೋಬಹುದು, ಆದ್ರೆ ಬೀಮಿನ ಒಳಗಿನ ಬೆಂಡಿಂಗ್ ಮೊಮೆಂಟ್ ಬೇರೆನೇ ಇರ್ತದೆ.

ಇನ್ನೊಂದು ತೊಂದರೆ ದರ ಅಲ್ಲಾಡದಿದ್ರೂ ಬರ್ತದೆ. ಮೊದಲ ವರ್ಷ ಕೈಗೆ ಬರೋದು 1.91 ಲಕ್ಷ. ಒಂದು ಫೀಸು ಕಟ್ಟಿ ಉಳಿದದ್ದನ್ನು ಮತ್ತೆ 7%ಕ್ಕೆ ಹಾಕಿದ್ರೂ ಎರಡನೇ ಆಗಸ್ಟ್‌ಗೆ 97 ಸಾವಿರ ಚಿಲ್ಲರೆ ಮಾತ್ರ. ಎರಡು ಸಾವಿರ ಸಾಲಲಿಲ್ಲ. ಮೂರನೇ ಫೀಸಿಗಂತೂ 4 ವರ್ಷದ ಬಾಂಡನ್ನ ಅವಧಿಗೆ ಮೊದಲೇ ಅವತ್ತಿನ ರೇಟಿಗೆ ಮಾರಬೇಕು. ಹೊತ್ತು ಹೋದಂತೆ ಡ್ಯುರೇಶನ್ ಬದಲಾಗೋದ್ರಿಂದ ಆಗಾಗ ಮತ್ತೆ ಹೊಂದಿಸ್ತಾ ಇರಬೇಕು. ವಿಮಾ ಕಂಪನಿಯಲ್ಲಿ ಇದಕ್ಕೆ ಸಂಬಳದ ಜನ ಇರ್ತಾರೆ. ನಮ್ಮ ಮನೇಲಿ ಅಪ್ಪ ಚಾಟ್ನಿ ಬಿಟ್ಟು ಇದನ್ನ ನೋಡ್ತಾ ಕೂಡ್ತಾನಾ?

ಎರಡನೇ ದಾರಿ ಕ್ಯಾಶ್ ಫ್ಲೋ ಮ್ಯಾಚಿಂಗ್. ಪ್ರತಿ ಫೀಸಿಗೂ ಅದೇ ಹೊತ್ತಿಗೆ ಮುಗಿಯೋ ಬಾಂಡು. ಲೆಕ್ಕವನ್ನು ಹಿಂದಿನಿಂದ ಶುರು ಮಾಡ್ಬೇಕು, ಗುಟ್ಟು ಅಷ್ಟೇ. 7% ಕೂಪನ್ ಇರೋ, ಮುಖಬೆಲೆಗೇ ಸಿಗೋ ಬಾಂಡುಗಳು, ವರ್ಷಕ್ಕೊಮ್ಮೆ ಬಡ್ಡಿ ಅಂತಿಟ್ಕೊಳ್ಳಿ. ನಾಲ್ಕನೇ ವರ್ಷ ಅಸಲು ಮತ್ತು ಕೊನೆಯ ಬಡ್ಡಿ ಸೇರಿ 1 ಲಕ್ಷ ಬರಬೇಕಾದ್ರೆ 1,00,000 / 1.07 = 93,458 ರೂಪಾಯಿಯ ಬಾಂಡ್ ಬೇಕು. ಈ ಬಾಂಡ್ ಮೊದಲ ಮೂರು ವರ್ಷವೂ 6,542 ಬಡ್ಡಿ ಕೊಡ್ತದೆ. ಹಾಗಾಗಿ ಮೂರನೇ ವರ್ಷಕ್ಕೆ ಹೊಸದಾಗಿ ಬೇಕಾದದ್ದು 93,458 ಮಾತ್ರ, ಅದಕ್ಕೆ 87,344ರ ಬಾಂಡ್. ಹೀಗೇ ಹಿಂದಕ್ಕೆ ಬಂದ್ರೆ ಎರಡನೇ ವರ್ಷಕ್ಕೆ 81,630, ಮೊದಲ ವರ್ಷಕ್ಕೆ 76,290. ಕೂಡಿಸಿದ್ರೆ ಮತ್ತೆ ಅದೇ 3,38,720 ಚಿಲ್ಲರೆ. ಕಾಗದದ ಮೇಲೆ ಎರಡೂ ದಾರಿಗೆ ಖರ್ಚು ಒಂದೇ. ಆದ್ರೆ ಇದರಲ್ಲಿ ನಾಳೆ ದರ ಏರಲಿ, ಇಳೀಲಿ, ತಿರುಚಲಿ, ಯಾವುದನ್ನೂ ಮಾರೋ ಪ್ರಸಂಗ ಇಲ್ಲ.

ಮಾಡೋದು ಹೆಂಗೆ? ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಶುರು ಮಾಡಿದ ರಿಟೇಲ್ ಡೈರೆಕ್ಟ್‌ನಲ್ಲಿ ನಮ್ಮಂಥವರೂ ಖಾತೆ ತೆಗೆದು ಕೇಂದ್ರ ಸರ್ಕಾರದ, ರಾಜ್ಯ ಸರ್ಕಾರಗಳ ಬಾಂಡು ಕೊಳ್ಳಬಹುದು. ಆದ್ರೆ ನಿಜದಲ್ಲಿ ಲೆಕ್ಕ ಇಷ್ಟು ನುಣುಪಾಗಿ ಕೂಡಲ್ಲ. ಬಡ್ಡಿ ಆರು ತಿಂಗಳಿಗೊಮ್ಮೆ ಬರ್ತದೆ. ಹರಾಜಿನಲ್ಲಿ 10,000ರ ಗುಣಕದಲ್ಲೇ ಕೊಳ್ಳಬೇಕು. ಆಗಸ್ಟ್‌ಗೇ ಮುಗಿಯೋ ಬಾಂಡ್ ಸಿಗದೆ ಮೇ ತಿಂಗಳಿಂದು ತಗೊಂಡ್ರೆ, ಮೂರು ತಿಂಗಳು ದುಡ್ಡು ಉಳಿತಾಯ ಖಾತೆಯಲ್ಲಿ ಕಡಿಮೆ ಬಡ್ಡಿಗೆ ಕೂಡ್ತದೆ. ಆಗಸ್ಟ್ ದಾಟಿ ಮುಗಿಯೋದನ್ನ ಮಾತ್ರ ಕೊಳ್ಳಬೇಡಿ, ಅಲ್ಲಿಗೆ ಮತ್ತೆ ಮಾರೋ ಪಾಡು ಬಂತು. ಈ ಸಂದುಗಳಿಂದಾಗಿ ಮ್ಯಾಚಿಂಗ್ ಸ್ವಲ್ಪ ದುಬಾರಿ. ಎಷ್ಟು ದುಬಾರಿ ಅಂತ ನೋಡೋಕೆ ನಮ್ಮ ಲೀನಿಯರ್ ಪ್ರೋಗ್ರಾಮಿಂಗ್ ಸಾಕು: ಒಟ್ಟು ಖರ್ಚು ಕನಿಷ್ಠ ಆಗಬೇಕು, ಯಾವ ಆಗಸ್ಟ್‌ನಲ್ಲೂ ಕೈಯಲ್ಲಿನ ನಗದು ಸೊನ್ನೆಗಿಂತ ಕೆಳಗೆ ಹೋಗಬಾರದು.

ಇಷ್ಟೆಲ್ಲ ಬೇಡ ಅನ್ನೋರು ನಾಲ್ಕು ಬೇರೆ ಬೇರೆ ಅವಧಿಯ ಎಫ್‌ಡಿ ಮಾಡಿದ್ರೂ ಅದೇ ಕೆಲಸ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಜಾಸ್ತಿ ಬಡ್ಡಿ ಆಸೆಗೆ ವಿಮೆ ಇಲ್ಲದ ಸೊಸೈಟಿಯಲ್ಲಿ ಇಟ್ರೆ ಮಾತ್ರ ಮ್ಯಾಚಿಂಗ್‌ಗೆ ಅರ್ಥ ಇಲ್ಲ. ದುಡ್ಡು ಬರೋ ತಾರೀಖು ಸರಿ ಇದ್ದು ದುಡ್ಡೇ ಬರದಿದ್ರೆ ಏನು ಬಂತು?

ಮ್ಯಾಚಿಂಗ್‌ನ ದೊಡ್ಡ ಮಿತಿ ಬೇರೆ ಇದೆ. ಅದು ನೀವು ಬರೆದುಕೊಟ್ಟ ಅಂಕಿಗೆ ಮಾತ್ರ ನಿಷ್ಠೆ ತೋರ್ತದೆ. ಮೂರನೇ ವರ್ಷ ಫೀಸು 1.15 ಲಕ್ಷ ಆದ್ರೆ 15 ಸಾವಿರ ಬೇರೆ ಕಡೆಯಿಂದ ತರಬೇಕು. ಡ್ಯುರೇಶನ್ ದಾರಿಯೂ ಇದಕ್ಕೆ ಉತ್ತರ ಕೊಡಲ್ಲ. ಬಡ್ಡಿಯ ಮೇಲೆ ತೆರಿಗೆ ಬೀಳೋರು ಅದನ್ನೂ ಕಳೆದು ಲೆಕ್ಕ ಹಾಕ್ಬೇಕು.

ಹಂಗಾದ್ರೆ ಡ್ಯುರೇಶನ್ ಯಾರಿಗೆ? ಸಾವಿರಾರು ಜನರಿಗೆ ಮೂವತ್ತು, ನಲವತ್ತು ವರ್ಷ ಪಿಂಚಣಿ ಕೊಡೋ ಕಂಪನಿಗೆ. ಅವರಿಗೆ ಪ್ರತಿ ತಿಂಗಳಿಗೂ ಹೊಂದೋ ಬಾಂಡ್ ಸಿಗಲ್ಲ. ಅಂಥಲ್ಲಿ ಹತ್ತಿರದ ಕೆಲವು ವರ್ಷ ಮ್ಯಾಚ್ ಮಾಡಿ, ದೂರದ್ದನ್ನ ಡ್ಯುರೇಶನ್‌ಗೆ ಬಿಡೋ ಮಿಶ್ರ ಪದ್ಧತಿನೂ ಇದೆ. ನಾಲ್ಕೇ ತಾರೀಖು, ನಾಲ್ಕೇ ಅಂಕಿ ಇರೋ ನಮ್ಮಂಥ ಮನೆಗೆ ಆ ಕಸರತ್ತು ಬೇಡ.

ಅಣ್ಣನಿಗೆ ಲೆಕ್ಕ ಕಳಿಸಿದೆ. "1,900 ರೂಪಾಯಿ ಸಲುವಾಗಿ ಇಷ್ಟ ಬರದಿಯೇನೋ?" ಅಂದ. ಅಪ್ಪ ಪಕ್ಕದಲ್ಲೇ ಕೂತು ಕೇಳ್ತಿದ್ದ. "ಅದು ಇರ್ಲಿ, ಆಗಸ್ಟ್‌ದಾಗ ಮಾರಾಕ ಹೋಗೂದು ತಪ್ಪತೈತೇನ?" ಅಂತ ಕೇಳಿದ. ತಪ್ಪತೈತಿ ಅಂದೆ. ನಾಲ್ಕು ಬಾಂಡಿನ ದಾರಿನೇ ಹಿಡಿದ್ವಿ. ಫೀಸು ಏರಿದ್ರೆ ಇರಲಿ ಅಂತ 30 ಸಾವಿರ ಬೇರೆ ಇಟ್ಟಿದ್ದೀವಿ.