ಹೆಸ್ಕಾಂ ಬಾಕಿ, ಬೆಸ್ಕಾಂ ಬಾಕಿ, ನಡುವಿನ ವ್ಯತ್ಯಾಸ ಯಾರದು?

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಸಿಂದಗಿ ಹತ್ತಿರದ ಹೊಲದಲ್ಲಿ ಕರೆಂಟ್ ಬರ್ಲಿ ಅಂತ ಪಂಪ್‌ಸೆಟ್ ಮುಂದೆ ಕೂತಿದ್ವಿ. ಪೇಪರ್ ಓದ್ತಿದ್ದ ಕಾಕಾ ಕೇಳಿದ್ರು: "ಆಲಮಟ್ಟ್ಯಾಗ ಕರೆಂಟ್ ಮಾಡಾವ್ರು ಸರ್ಕಾರದವ್ರು, ಹೆಸ್ಕಾಂನೂ ಸರ್ಕಾರದ್ದು. ಮತ್ತ ಇವರಿವರೊಳಗ ಎಂಥಾ ಬಾಕಿಪಾ ತಮ್ಮಾ?"

ನಾನು ಲೆಕ್ಕಿಗ ಅಲ್ಲ, ಲೆಕ್ಕದ ಸಾಫ್ಟ್‌ವೇರ್ ಬರೆಯೋನು. ಆದ್ರೂ ಈ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

2002ರಲ್ಲಿ ವಿದ್ಯುತ್ ವಿತರಣೆಯನ್ನ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಗೆಸ್ಕಾಂ ಅಂತ ಒಡೆದರು. ಮೈಸೂರಿನದ್ದು ಆಮೇಲೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಹೆಸ್ಕಾಂ ಪಾಲು. 2005ರಿಂದ ಈ ಕಂಪನಿಗಳೇ ನೇರವಾಗಿ ಕರೆಂಟ್ ಕೊಳ್ಳುತ್ತವೆ. ಯಾವ ಉತ್ಪಾದಕರಿಂದ ಯಾರಿಗೆಷ್ಟು ಅಂತ ಸರ್ಕಾರ ಪಾಲು ಹಾಕುತ್ತೆ, ಬಿಲ್ಲೂ ಆ ಪಾಲಿನ ಪ್ರಕಾರ ಬರುತ್ತೆ. ಆದ್ರೆ ತಂತಿಗೆ ಸರ್ಕಾರಿ ಆದೇಶ ಓದೋಕೆ ಬರಲ್ಲವಲ್ಲ! ಆಲಮಟ್ಟಿಯ 290 ಮೆಗಾವ್ಯಾಟ್ ಆಗಲಿ, ಕೂಡಗಿಯ 2400 ಆಗಲಿ, ಎಲ್ಲಿ ಲೋಡ್ ಇದೆಯೋ ಅಲ್ಲಿಗೆ ಹರಿಯುತ್ತೆ. ಹಾಗಾಗಿ ಒಬ್ಬರು ದುಡ್ಡು ಕೊಟ್ಟ ಕರೆಂಟನ್ನ ಇನ್ನೊಬ್ಬರು ಎಳೆದಿರುತ್ತಾರೆ. ಇದನ್ನ ಆಮೇಲೆ ಕೂತು ಸರಿದೂಗಿಸೋದಕ್ಕೆ ಎನರ್ಜಿ ಬ್ಯಾಲೆನ್ಸಿಂಗ್ ಅಂತಾರೆ. ಬಾಕಿ ಹುಟ್ಟೋದೇ ಇಲ್ಲಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನವು, ಬರೀ ಉದಾಹರಣೆಗೆ. ಹೆಸ್ಕಾಂ ತನ್ನ ಪಾಲಿಗಿಂತ 4 ಕೋಟಿ ಯೂನಿಟ್ ಹೆಚ್ಚು ಎಳೆದಿದೆ ಅಂತ ಬೆಸ್ಕಾಂ ಹೇಳುತ್ತೆ. ಯೂನಿಟ್ಟಿಗೆ 5 ರೂಪಾಯಿಯಂತೆ 20 ಕೋಟಿ ಬರಬೇಕು ಅಂತ ಪುಸ್ತಕದಲ್ಲಿ ಬರೆಯುತ್ತೆ. ಹೆಸ್ಕಾಂ ತನ್ನ ಮೀಟರ್ ರೀಡಿಂಗ್ ನೋಡಿ 3.8 ಕೋಟಿ ಯೂನಿಟ್, ದರ 4.50 ಅನ್ನುತ್ತೆ. ಅಂದ್ರೆ ಕೊಡಬೇಕಾದ್ದು 17.1 ಕೋಟಿ. ವ್ಯತ್ಯಾಸ 2.9 ಕೋಟಿ.

ದುಡ್ಡಿನ ಮೊತ್ತ ಹಿಡ್ಕೊಂಡು ಜಗಳಕ್ಕೆ ಕೂತ್ರೆ ಇದು ಎಂದೂ ಬಗೆಹರಿಯಲ್ಲ. ಮೊದಲು ಯೂನಿಟ್ ಹೊಂದಿಸಬೇಕು: 20 ಲಕ್ಷ ಯೂನಿಟ್ ವ್ಯತ್ಯಾಸ, 5 ರೂಪಾಯಿಯಂತೆ 1 ಕೋಟಿ. ಅದಕ್ಕೆ ಉತ್ತರ ಗಡಿಯ ಮೀಟರುಗಳಲ್ಲಿದೆ, ತಿಂಗಳು ತಿಂಗಳು ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಿಗುತ್ತೆ. ಉಳಿದ 1.9 ಕೋಟಿ ದರದ್ದು, 3.8 ಕೋಟಿ ಯೂನಿಟ್ಟಿಗೆ ತಲಾ 50 ಪೈಸೆ. ಇದಕ್ಕೆ ಮೀಟರಿನಲ್ಲಿ ಉತ್ತರ ಇಲ್ಲ, ಯಾರಾದ್ರೂ ತೀರ್ಮಾನ ಮಾಡಲೇಬೇಕು.

ಒಂದೇ ಮನೆಯೊಳಗಿನ ದರ ನಿಜಕ್ಕೂ ಕಷ್ಟದ ಪ್ರಶ್ನೆ ಕಣ್ರೀ. ಕಂಪನಿಯ ಸ್ವಂತ ವಿದ್ಯುತ್ ಘಟಕ ಅದೇ ಕಂಪನಿಯ ಕಾರ್ಖಾನೆಗೆ ಕೊಟ್ಟ ಕರೆಂಟಿಗೆ ಯಾವ ಬೆಲೆ ಹಿಡಿಯಬೇಕು ಅನ್ನೋ ಆದಾಯ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಮಂಡಳಿ ಕೊಳ್ಳೋ ದರ ಅಲ್ಲ, ಮಂಡಳಿ ಗ್ರಾಹಕರಿಗೆ ಮಾರೋ ದರವೇ ಮಾರುಕಟ್ಟೆ ಬೆಲೆ ಅಂತ 2023ರ ಡಿಸೆಂಬರಿನಲ್ಲಿ ಜಿಂದಾಲ್ ಸ್ಟೀಲ್ ಅಂಡ್ ಪವರ್ ಪ್ರಕರಣದಲ್ಲಿ ತೀರ್ಪು ಬಂತು. ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡೋ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಇದು ಬೇಕಾದ ವಿಷಯ. ಆದ್ರೆ ಅದು ತೆರಿಗೆ ವಿನಾಯ್ತಿಯ ತೀರ್ಪು, ಎಸ್ಕಾಂಗಳ ನಡುವಿನ ದರವನ್ನ ಅದು ತೀರ್ಮಾನಿಸಲ್ಲ.

ಈಗ ಕಾಕಾನ ಪ್ರಶ್ನೆಗೆ ಬರ್ತೀನಿ. ಖಾಸಗಿ ಸಮೂಹವಾಗಿದ್ರೆ ಮಾರ್ಚ್ ಕೊನೆಗೆ ಎಲ್ಲ ಕಂಪನಿಗಳ ಲೆಕ್ಕ ಕೂಡಿಸಿ, ತಮ್ಮತಮ್ಮೊಳಗಿನ ಬಾಕಿಯನ್ನ ಎರಡೂ ಕಡೆ ಹೊಡೆದು ಹಾಕ್ತಾರೆ. ಅದೇ ಎಲಿಮಿನೇಶನ್. ನಮ್ಮ ಲೆಕ್ಕದಲ್ಲಿ 17.1 ಕೋಟಿ ಹೋಗುತ್ತೆ, 2.9 ಕೋಟಿ ಕೈಯಲ್ಲೇ ಉಳಿಯುತ್ತೆ. ಅದು ಹೊರಗಿನ ಯಾರಿಂದಲೂ ಬರಬೇಕಾದ ದುಡ್ಡಲ್ಲ, ಆದ್ರೂ ಆಸ್ತಿ ಅಂತ ಕಾಣ್ತಿದೆ. ಆವತ್ತು ಸಿಕ್ಕಿಬೀಳಲೇಬೇಕು. ಎಸ್ಕಾಂಗಳ ಮಾಲೀಕ ರಾಜ್ಯ ಸರ್ಕಾರ, ಅದು ಕಂಪನಿ ಅಲ್ಲ. ಹಾಗಾಗಿ ಕಂಪನಿ ಕಾಯ್ದೆಯ ಪ್ರಕಾರ ಇವನ್ನೆಲ್ಲ ಕೂಡಿಸಿ ಲೆಕ್ಕ ಕೊಡೋ ಹೊಣೆ ಅದಕ್ಕಿಲ್ಲ. ಕೂಡಿಸೋ ದಿನವೇ ಬರಲ್ಲ, ವ್ಯತ್ಯಾಸ ಎರಡು ಪುಸ್ತಕಗಳಲ್ಲಿ ಬೇರೆಬೇರೆಯಾಗಿ ಆರಾಮಾಗಿ ಮಲಗಿರುತ್ತೆ.

ಕೂಡಿಸಿದರೆ ಎಲ್ಲ ಸರಿಹೋಗುತ್ತೆ ಅಂತಾನೂ ಅಲ್ಲ. ಒಂದು ಸಮೂಹಕ್ಕೆ ನಾನೇ ಕೋಡ್ ಬರೆದಿದ್ದೆ: ವ್ಯತ್ಯಾಸ ಮಿತಿಯೊಳಗಿದ್ರೆ ತಾನಾಗಿ "ಎಲಿಮಿನೇಶನ್ ವ್ಯತ್ಯಾಸ" ಖಾತೆಗೆ ಹಾಕು ಅಂತ. ಎಲ್ಲರಿಗೂ ಖುಷಿ. ವರ್ಷದ ಕೊನೆಗೆ ಆ ಖಾತೆಯ ಬಾಕಿ ಸೊನ್ನೆಗೆ ಹತ್ತಿರ ಇತ್ತು. ಬಿಡಿಸಿ ನೋಡಿದ್ರೆ ಒಂದು ಕಂಪನಿಯ ದೊಡ್ಡ ಪ್ಲಸ್ ಇನ್ನೊಂದರ ದೊಡ್ಡ ಮೈನಸ್ಸನ್ನ ನುಂಗಿತ್ತು. ಅದಕ್ಕೇ ಈಗ ನಿವ್ವಳ ಮೊತ್ತ ನೋಡೋದೇ ಇಲ್ಲ, ಜೋಡಿ ಜೋಡಿಯಾಗಿ, ಯಾವ ವರ್ಷ ಹುಟ್ಟಿದ ಬಾಕಿ ಅಂತ ನೋಡ್ತೀನಿ.

ಎಸ್ಕಾಂಗಳಿಂದಲೂ ಇಷ್ಟೇ ಕೇಳಬೇಕು ಅನ್ಸುತ್ತೆ. ಪ್ರತಿ ಜೋಡಿಗೂ ಒಂದು ಸಾಲು: ಯೂನಿಟ್ ವ್ಯತ್ಯಾಸ, ದರದ ವ್ಯತ್ಯಾಸ, ಹುಟ್ಟಿದ ವರ್ಷ. ಎರಡೂ ಕಂಪನಿಗಳ ಆಡಿಟರ್‌ಗಳನ್ನ ನೇಮಿಸೋದು ಸಿಎಜಿಯೇ, ಒಂದೇ ಹಾಳೆಯನ್ನ ಇಬ್ಬರಿಗೂ ಕೊಟ್ಟು ಸಹಿ ಮಾಡಿಸಬಹುದಲ್ಲ? ಖರೀದಿ ವೆಚ್ಚ ಕೊನೆಗೆ ಕೆಇಆರ್‌ಸಿ ನಿಗದಿ ಮಾಡೋ ದರದಲ್ಲಿ ನಮ್ಮ ಮನೆ ಬಿಲ್ಲಿಗೇ ಸೇರುತ್ತೆ.

ಕಾಕಾನಿಗೆ ಇಷ್ಟೆಲ್ಲ ಹೇಳೋ ಹೊತ್ತಿಗೆ ಕರೆಂಟ್ ಬಂತು, ಅವರು ಎದ್ದು ಹೋದ್ರು. ನಿಮ್ಮಲ್ಲಿ ಸಿಎ ಓದಿದವರಿದ್ರೆ, ತಪ್ಪಿದ್ದಲ್ಲಿ ತಿದ್ದಿ.